ಪರ್ಟರ್ಬೇಷನ್‌ಗೆ ‘ಕ್ಷೋಭೆ’ ಸರಿನಾ? ಮತ್ತೆ ಈ ‘ಶಿಖರ’ ಯಾವ ಶಿಖರ?

ಶೈಲಜಾ:
ಎಲ್ರಿಗೂ ನಮಸ್ಕಾರ. ಬರಹ ಮೆಷಿನ್‌ದಾ ಮನುಷ್ಯರದಾ ಅಂತ ಪತ್ತೆ ಹಚ್ಚೋ ಡಿಟೆಕ್ಟ್‌ಜಿಪಿಟಿ ಬಗ್ಗೆ, ಅದೇ 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಾಡಿದ್ದು, ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ. ಬರಹನ ಅಲ್ಲಲ್ಲಿ ಸ್ವಲ್ಪ ಬದಲಾಯಿಸಿ ನೋಡೋದಕ್ಕೆ ಪರ್ಟರ್ಬೇಷನ್ ಅನ್ನೋ ಪದ ಸಾಲುಸಾಲಿಗೂ ಬರುತ್ತೆ. ‘ಕ್ಷೋಭೆ’ ಅಂತ ಹಾಕಿದ್ದೆ, ಆಮೇಲೆ ಓದಿದ್ರೆ ‘ಬರಹವನ್ನು ನೂರು ಬಾರಿ ಕ್ಷೋಭೆಗೊಳಿಸಿ’ ಅಂತಾಗಿ ನನಗೇ ನಗು. ಇನ್ನೊಂದು, ‘ಮಾಡೆಲ್ ಬರೆದದ್ದು ಸಂಭವನೀಯತೆಯ ಶಿಖರದಲ್ಲಿರುತ್ತದೆ’ ಅಂತ ಬರೆದಿದೀನಿ, ಅಂದ್ರೆ ಅತಿ ಹೆಚ್ಚು ಸಂಭವನೀಯತೆ ಇರೋ ಬರಹ ಅಂತ ತಾನೆ?

ರಾಘು:
ಹೌದು ಮೇಡಂ. ಮಾಡೆಲ್‌ಗೆ ಆ ಬರಹ ಕೊಟ್ಟು, ಅದರ ಪ್ರಕಾರ ಸಂಭವನೀಯತೆ ಎಷ್ಟು ಅನ್ನೋ ಅಂಕ ನೋಡ್ತಾರೆ, ಅಂಕ ಜಾಸ್ತಿ ಬಂದ್ರೆ ಮೆಷಿನ್ ಬರೆದದ್ದು, ಕಮ್ಮಿ ಬಂದ್ರೆ ಮನುಷ್ಯರು. ಶಿಖರ ಸರಿಯಾಗೇ ಇದೆ.

ಮೂರ್ತಿ:
ರಾಘು, ನೀನು ಹೇಳಿದ್ದು ಹಳೇ ವಿಧಾನ, ಇದು ಅದನ್ನ ಬಿಟ್ಟು ಮುಂದೆ ಹೋಗಿದ್ದು. ಇಲ್ಲಿ ಎತ್ತರ ಮುಖ್ಯ ಅಲ್ಲ, ಸುತ್ತಮುತ್ತ ಇಳಿಜಾರು ಇದೆಯಾ ಅನ್ನೋದು ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ ಮೇಲಿದೆ, ಆದ್ರೂ ಮೆಜೆಸ್ಟಿಕ್‌ನಲ್ಲಿ ನಿಂತೋರು ಯಾರೂ ಬೆಟ್ಟದ ತುದೀಲಿದೀನಿ ಅನ್ನಲ್ಲ. ಮುರುಡೇಶ್ವರದ ಕಂದುಕಗಿರಿ ಪುಟ್ಟ ಗುಡ್ಡ, ಆದ್ರೆ ಮೂರು ಕಡೆ ಸಮುದ್ರ, ಹೆಜ್ಜೆ ಇಟ್ಟಲ್ಲೆಲ್ಲ ಇಳಿಜಾರೇ.

ಹೇಗೆ ನೋಡ್ತಾರೆ ಅಂದ್ರೆ, ಮೂಲ ಬರಹದಲ್ಲಿ ಎರಡೆರಡು ಪದದ ತುಣುಕುಗಳನ್ನ ಅಲ್ಲಲ್ಲಿ ಅಳಿಸ್ತಾರೆ, ಒಟ್ಟು ಪದಗಳಲ್ಲಿ ಸುಮಾರು 15 ಪರ್ಸೆಂಟ್, ಆ ಖಾಲಿ ಜಾಗನ ಟಿ5 ಅನ್ನೋ ಬೇರೆ ಮಾಡೆಲ್ ಕೈಲಿ ತುಂಬಿಸ್ತಾರೆ, ಹೀಗೆ ಒಂದೇ ಬರಹಕ್ಕೆ ಸ್ವಲ್ಪ ಸ್ವಲ್ಪ ಬೇರೆಯಾದ 100 ರೂಪ ಸಿಗುತ್ತೆ. ಆಮೇಲೆ ಮೂಲದ ಲಾಗ್ ಅಂಕದಿಂದ ಆ ನೂರರ ಸರಾಸರಿ ಕಳೀತಾರೆ:

```
d = log p(x) - mean(log p(x_i))
```

ಲೆಕ್ಕಕ್ಕೆ ನಾನೇ ಕಟ್ಟಿದ ಸಂಖ್ಯೆ ತಗೊಳ್ಳಿ. ಮೆಷಿನ್ ಬರಹಕ್ಕೆ −200, ಅದರ ನೂರು ರೂಪಗಳ ಸರಾಸರಿ −215, ವ್ಯತ್ಯಾಸ 15. ಒಬ್ಬರು ಸರಳವಾಗಿ ಬರೆದ, ಅಷ್ಟೇ ಉದ್ದದ ಸುದ್ದಿಗೆ −190, ಅದರ ರೂಪಗಳಿಗೆ −192, ವ್ಯತ್ಯಾಸ ಬರೀ 2. ರಾಘು ಲೆಕ್ಕದಲ್ಲಿ ಎರಡನೇದೇ ಮೆಷಿನ್ ಆಗೋಗುತ್ತೆ, ಯಾಕಂದ್ರೆ −190 ಮೇಲಿದೆ! ಮಾಡೆಲ್ ತನಗೆ ಹಿಡಿಸಿದ ಪದಗಳನ್ನೇ ಆರಿಸಿ ಬರೆದಿರುತ್ತೆ, ಅದನ್ನ ಎಲ್ಲಿ ಬದಲಾಯಿಸಿದ್ರೂ ಹೆಚ್ಚು ಕಡಿಮೆ ನಷ್ಟವೇ. ನಾವು ನಮ್ಮ ಕಾರಣಕ್ಕೆ ಪದ ಹಾಕಿರ್ತೀವಿ, ಬದಲಾಯಿಸಿದ್ರೆ ಅಂಕ ಒಮ್ಮೆ ಇಳಿಯುತ್ತೆ ಒಮ್ಮೆ ಏರುತ್ತೆ, ಅಷ್ಟು ಬೀಳಲ್ಲ.

ಹಾಗಾಗಿ ‘ಶಿಖರ’ ಒಂಟಿಯಾಗಿ ಬೇಡ ಶೈಲಜಾ ಅವರೇ, ಗಣಿತದೋರ ‘ಸ್ಥಳೀಯ ಗರಿಷ್ಠ’ ಒಮ್ಮೆ ಹೇಳಿ ಆಮೇಲೆ ‘ದಿಬ್ಬ’ ಅನ್ನಿ.

ಪದ್ಮ:
ನನ್ನ ಮಗಳು ತಾನೇ ಕೂತು ಬರೆದ ಇಂಗ್ಲಿಷ್ ಪ್ರಬಂಧನ ಕಾಲೇಜಲ್ಲಿ ಎಂಥದೋ ಟೂಲಿಗೆ ಹಾಕಿ ಮೆಷಿನ್ ಬರೆದದ್ದು ಅಂದುಬಿಟ್ರು. ಅದೂ ಹೀಗೆ ನೂರು ಸಲ ಬದಲಾಯಿಸಿ ನೋಡಿದ್ದಾ? ಹಾಗಾದ್ರೆ ಅವಳು ಪದ ಬದಲಾಯಿಸಿ ಕೊಟ್ರೆ ಪಾಸಾಗ್ತಾಳಾ?

ಮೂರ್ತಿ:
ಪದ್ಮಕ್ಕ, ಆ ಟೂಲು ಯಾವ ದಾರೀಲಿ ನೋಡುತ್ತೋ ಅದರೊಳಗೆ ಇಣುಕದೆ ಹೇಳಕ್ಕಾಗಲ್ಲ. ಈ ವಿಧಾನಕ್ಕೆ ಬರೆದಿರಬಹುದಾದ ಮಾಡೆಲ್‌ನ ಅಂಕಗಳೇ ಬೇಕು, ಅದು ಸಿಗದೆ ಬೇರೆ ಮಾಡೆಲ್‌ನ ಅಂಕದಲ್ಲಿ ನೋಡಿದ್ರೆ ಸಾಮಾನ್ಯವಾಗಿ ಪತ್ತೆ ಸಡಿಲವಾಗುತ್ತೆ. ಮೆಷಿನ್ ಬರೆದದ್ದನ್ನ ಯಾರಾದ್ರೂ ಚೆನ್ನಾಗಿ ತಿದ್ದಿದ್ರೂ ದಿಬ್ಬದಿಂದ ಜಾರಿರುತ್ತೆ. ಉಲ್ಟಾನೂ ಇದೆ, ಸಂವಿಧಾನದ ಪ್ರಸ್ತಾವನೆ ಥರ ಮಾಡೆಲ್‌ಗೆ ಬಾಯಿಪಾಠ ಆಗಿರೋದನ್ನ ಮನುಷ್ಯರೇ ಬರೆದಿದ್ರೂ ಅದು ಕಡಿದಾದ ದಿಬ್ಬದ ಮೇಲೇ ಕಾಣುತ್ತೆ. ಒಂದು ಸಂಖ್ಯೆ ನೋಡಿ ಮಗುವನ್ನ ದೂರೋದು ಸರಿಯಲ್ಲ.

ಶೈಲಜಾ:
ದಿಬ್ಬ ಚೆನ್ನಾಗಿದೆ ಸರ್. ಕ್ಷೋಭೆಗೆ ‘ಕದಲಿಸು’ ಅನ್ನೋಣ್ವಾ? ಇನ್ನೊಂದು ಅನುಮಾನ, ಕನ್ನಡ ಬರಹನ ಹೀಗೆ ಕದಲಿಸಿದ್ರೆ? ‘ಮನೆಯಿಂದ ಶಾಲೆಗೆ’ ಅಳಿಸಿದ ಜಾಗಕ್ಕೆ ವಿಭಕ್ತಿ ತಪ್ಪಿಸಿ ‘ಮನೆಯನ್ನು ಶಾಲೆಯಲ್ಲಿ’ ಅಂತ ತುಂಬಿದ್ರೆ ಯಾರು ಬರೆದದ್ದಾದ್ರೂ ಅಂಕ ಬೀಳುತ್ತಲ್ವಾ?

ಮೂರ್ತಿ:
ಸರಿಯಾಗಿ ಹಿಡಿದ್ರಿ. ತುಂಬಿದ್ದು ಒಪ್ಪೋ ಕನ್ನಡ ಆಗಿರಬೇಕು, ಇಲ್ಲಾಂದ್ರೆ ಪಕ್ಕದ ಜಾಗಕ್ಕೆ ಹೆಜ್ಜೆ ಇಟ್ಟ ಹಾಗಲ್ಲ, ಗುಂಡಿಗೆ ತಳ್ಳಿದ ಹಾಗೆ, ಮನುಷ್ಯರ ಬರಹನೂ ದಿಬ್ಬದಂತೆ ಕಾಣುತ್ತೆ. ಜರ್ಮನ್‌ಗೆ ಅವರು ಟಿ5ನ ಬಹುಭಾಷಾ ರೂಪವಾದ ಎಂಟಿ5 ಬಳಸಿದ್ರು, ಅದರಲ್ಲಿ ಕನ್ನಡವೂ ಇದೆ. ಮಾಡೋರು ಮೊದಲು ತುಂಬಿದ ಹತ್ತಿಪ್ಪತ್ತು ರೂಪಗಳನ್ನ ಕಣ್ಣಾರೆ ಓದಿ ನೋಡಬೇಕು.

ರಾಘು:
‘ಕದಲಿಸು’ ಕ್ರಿಯಾಪದ ಆಯ್ತು, ನಾಮಪದ ಎಲ್ಲಿ? ‘ಕದಲಿಕೆ’ ಅಂದ್ರೆ ಬರಹ ತಾನಾಗೇ ಕದಲಿದಂಗಿದೆ. ನನ್ನ ವೋಟು ‘ಅಲುಗಿಸುವಿಕೆ’ಗೆ, ಉದ್ದ ಆದ್ರೂ ಪರ್ವಾಗಿಲ್ಲ.

ಶೈಲಜಾ:
ಅಯ್ಯೋ, ಇದನ್ನ ಪ್ರತಿ ಸಾಲಲ್ಲೂ ಟೈಪ್ ಮಾಡ್ಬೇಕಾದೋಳು ನಾನು ಕಣಪ್ಪ.