ಸಹಾಯ ಬೇಕು: 60 ಜನಕ್ಕೆ ಬಿಸಿಬೇಳೆಬಾತ್

ನಮಸ್ಕಾರ. ಮುಂದಿನ ಭಾನುವಾರ ಅಮ್ಮನ ಅರವತ್ತರ ಶಾಂತಿ, ಮನೆಯಲ್ಲೇ ಬಿಸಿಬೇಳೆಬಾತ್ ಮಾಡೋಣ ಅಂತಿದ್ದೀವಿ. ನಾಲ್ಕು ಜನಕ್ಕೆ ನಾನು ಹಾಕೋದು 200 ಗ್ರಾಂ ಅಕ್ಕಿ, 150 ಗ್ರಾಂ ತೊಗರಿಬೇಳೆ. ಆ ಲೆಕ್ಕದಲ್ಲಿ 3 ಕೆಜಿ ಅಕ್ಕಿ, ಎರಡೂಕಾಲು ಕೆಜಿ ಬೇಳೆ ಆಗುತ್ತೆ. ಇಲ್ಲಿಯವರೆಗೆ ಸರಿ.

ಗೊಂದಲ ಇರೋದು ಮಸಾಲೆಯಲ್ಲಿ. ಚಕ್ಕೆ, ಲವಂಗ, ಇಂಗು, ಬ್ಯಾಡಗಿ ಮೆಣಸಿನಕಾಯಿ ಹದಿನೈದು ಪಟ್ಟು ಹಾಕಿದರೆ ಘಾಟು ಹೊಡೆಯುತ್ತೆ ಅನ್ನಿಸುತ್ತೆ. ಹತ್ತು ಪಟ್ಟು ಪುಡಿ ಮಾಡಿ, ಸ್ವಲ್ಪ ಕೊನೆಗೆ ಅಂತ ಎತ್ತಿಟ್ಟುಕೊಂಡರೆ ಸಾಕಾ? ಉಪ್ಪು ಲೆಕ್ಕಕ್ಕೆ 225 ಗ್ರಾಂ. ಮೊದಲು 160 ಹಾಕಿ, ಹುಣಸೆರಸ ಕುದ್ದ ಮೇಲೆ ರುಚಿ ನೋಡಿ ಉಳಿದದ್ದು ಸೇರಿಸೋಣ ಅಂತಿದ್ದೀನಿ.

ನೀರು, ತರಕಾರಿ ಸೇರಿ ಮೂವತ್ತು ಲೀಟರ್ ದಾಟಬಹುದು. ಕೈಯಾಡಿಸಲು ಜಾಗ ಬೇಕಲ್ಲ, ಅದಕ್ಕೆ 50 ಲೀಟರಿನ ಪಾತ್ರೆ ಬಾಡಿಗೆಗೆ ಹೇಳಿದ್ದೀನಿ. ಬೇಳೆ ಬೇರೆ ಕುಕ್ಕರಿನಲ್ಲಿ ಬೇಯಿಸಿ, ಅನ್ನ ಮೆತ್ತಗಾದ ಮೇಲೆ ಬೆರೆಸ್ತೀನಿ. ಒಟ್ಟಿಗೇ ಬೇಯಿಸಿದರೆ ತಳ ಹಿಡಿಯೋದು ಗ್ಯಾರಂಟಿ.

ಊಟ ಒಂದು ಗಂಟೆಗೆ. ಬಾತ್ ಇಟ್ಟಷ್ಟೂ ಗಟ್ಟಿಯಾಗುತ್ತೆ, ಹಾಗಾಗಿ ಎಷ್ಟು ಹೊತ್ತಿಗೆ ಒಲೆ ಹಚ್ಚಬೇಕು? ಇಳಿಸುವಾಗ ಎಷ್ಟು ತೆಳ್ಳಗಿರಬೇಕು? ದೊಡ್ಡ ಅಡುಗೆ ಮಾಡಿ ಅಭ್ಯಾಸ ಇರೋರು ದಯವಿಟ್ಟು ಹೇಳಿ.