ಟರ್ಮ್ ಇನ್ಶೂರೆನ್ಸ್: ಭಾವನ ಬೀರುವಿನಲ್ಲಿದ್ದ ಎರಡು ಬಾಂಡ್

ಹಾಸನದಿಂದ ಪ್ರಶ್ನೆ: ವಯಸ್ಸು 34, ಖಾಸಗಿ ಕೆಲಸ. ಹೆಂಡತಿ ಮನೆಯಲ್ಲೇ ಇದ್ದಾಳೆ, ಮಗಳಿಗೆ 3 ವರ್ಷ. ಮನೆ ಸಾಲ 18 ಲಕ್ಷ ಬಾಕಿ ಇದೆ. ಟರ್ಮ್ ಇನ್ಶೂರೆನ್ಸ್ ಮಾಡಿಸ್ತೀನಿ ಅಂದರೆ ಅಪ್ಪ, "ಬದುಕಿದ್ದರೆ ಒಂದು ಪೈಸೆ ವಾಪಸ್ ಬರಲ್ಲ, ನೀರಿಗೆ ಹಾಕಿದ ಹಾಗೆ" ಅಂತಾರೆ. ಮಾಡಿಸಿದವರು ಅನುಭವ ಹೇಳ್ತೀರಾ? ಎಷ್ಟಕ್ಕೆ ಮಾಡಿಸಬೇಕು?

ಸಾಗರದಿಂದ: ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳ್ತೀನಿ. ನಮ್ಮ ಭಾವ, ಅಂದರೆ ಅಕ್ಕನ ಗಂಡ, 41ಕ್ಕೇ ಹೃದಯಾಘಾತದಲ್ಲಿ ಹೋದರು. ತುಂಬಾ ಲೆಕ್ಕದ ಮನುಷ್ಯ. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಅಕ್ಕ ಬೀರು ತೆಗೆದಳು. ರೇಷ್ಮೆ ಸೀರೆಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಪಾಲಿಸಿ ಬಾಂಡ್, ಒಂಬತ್ತು ವರ್ಷದ ರಸೀದಿ, ಎಲ್ಲ ತಾರೀಖಿನ ಪ್ರಕಾರ ಪಿನ್ ಹಾಕಿ ಇಟ್ಟಿದ್ದರು. ವರ್ಷಕ್ಕೆ 36,000 ಕಟ್ಟುತ್ತಿದ್ದರಂತೆ. ಅಷ್ಟು ಕಟ್ಟಿದ್ದಾರೆ ಅಂದಮೇಲೆ ದೊಡ್ಡ ಮೊತ್ತವೇ ಬರುತ್ತೆ ಅಂತ ನಾವೆಲ್ಲ ಅಂದುಕೊಂಡೆವು.

ಬಾಂಡ್‌ನಲ್ಲಿ ವಿಮಾ ಮೊತ್ತ ಅನ್ನೋ ಜಾಗದಲ್ಲಿ ಎರಡೂ ಸೇರಿ ಇದ್ದದ್ದು 6 ಲಕ್ಷ. ಬೋನಸ್ ಸೇರಿ ಕೈಗೆ ಬಂದದ್ದು 8 ಲಕ್ಷದ ಹತ್ತಿರ. ಮನೆ ಸಾಲ ಬಾಕಿ ಇದ್ದದ್ದು 14 ಲಕ್ಷ. ಬಂದದ್ದೆಲ್ಲ ಸಾಲಕ್ಕೇ ಹೋಯಿತು, ಆಮೇಲೂ ಕಂತು ಉಳಿಯಿತು. ಅಕ್ಕ ಈಗ ರವಿಕೆ ಹೊಲಿದು ಮತ್ತು ಮಹಡಿ ಮನೆಯ ಬಾಡಿಗೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ.

ಭಾವ ಮಾಡಿಸಿದ್ದು ದುಡ್ಡು ವಾಪಸ್ ಬರುವ ಪಾಲಿಸಿ. ಕಟ್ಟುವ ದುಡ್ಡಿನಲ್ಲಿ ಹೆಚ್ಚಿನ ಭಾಗ ವಾಪಸ್ ಕೊಡಲಿಕ್ಕೇ ಎತ್ತಿಡುತ್ತಾರೆ. ಹಾಗಾಗಿ ಸಾವಿನ ಮೇಲೆ ಸಿಗುವ ಮೊತ್ತ ಚಿಕ್ಕದು. ಅದೇ 36,000ದಲ್ಲಿ ಮೂರನೇ ಒಂದು ಭಾಗ ಟರ್ಮ್‌ಗೆ ಹಾಕಿದ್ದರೂ 50 ಲಕ್ಷದ ರಕ್ಷಣೆ ಇರುತ್ತಿತ್ತು. ನಿಮ್ಮ ಅಪ್ಪನ ಮಾತು ಸುಳ್ಳಲ್ಲ, ಟರ್ಮ್‌ನಲ್ಲಿ ಬದುಕಿದ್ದವರಿಗೆ ಏನೂ ಬರುವುದಿಲ್ಲ. ಬರದೇ ಇರುವುದರಿಂದಲೇ ಅಷ್ಟು ಕಡಿಮೆಗೆ ಅಷ್ಟು ದೊಡ್ಡ ಮೊತ್ತ ಸಿಗುತ್ತದೆ.

ಗದಗದಿಂದ: ನನ್ನ ಬ್ಯಾಂಕ್ ಖಾತೆಯಿಂದ ವರ್ಷಾ 436 ರೂಪಾಯಿ ಇನ್ಶೂರೆನ್ಸ್ ಅಂತ ಕಟ್ ಆಗ್ತದ. ಹೋದ ವರ್ಷ ಮಂಡಿ ಆಪರೇಷನ್ ಬಿಲ್ ತಗೊಂಡು ಹೋದರ ಬ್ಯಾಂಕಿನವರು ಕೊಡಲಿಲ್ಲ. ಕಟ್ಟೋ ಮುಂಚೆ ಸರಿಯಾಗಿ ಕೇಳಿರಿ.

ಮೈಸೂರಿನಿಂದ: ಸರ್, 436 ರೂಪಾಯಿಯದ್ದು ಪ್ರಧಾನಮಂತ್ರಿ ಜೀವನ ಜ್ಯೋತಿ. ಅದೂ ಒಂದು ಟರ್ಮ್ ವಿಮೆಯೇ. ಖಾತೆದಾರರು ತೀರಿಕೊಂಡರೆ ಮನೆಯವರಿಗೆ 2 ಲಕ್ಷ, ಅಷ್ಟೇ. ಆಸ್ಪತ್ರೆ ಬಿಲ್‌ಗೆ ಆರೋಗ್ಯ ವಿಮೆ ಬೇರೆ ಬೇಕು. ಮನೆಯಲ್ಲಿ ನಾಮಿನಿ ಯಾರು ಅಂತ ತಿಳಿಸಿಡಿ. ಎಷ್ಟೋ ಮನೆಗಳಲ್ಲಿ ಇದು ಇದೆ ಅಂತಲೇ ಗೊತ್ತಿರುವುದಿಲ್ಲ, ಕೇಳುವುದೇ ಇಲ್ಲ.

ಇನ್ನು ಹಾಸನದವರಿಗೆ ಹೇಳುವುದಾದರೆ, ನಾನು ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದೆ, ಈಗ ನಿವೃತ್ತ. ಯಾವ ಕಂಪನಿ ಅಂತ ನಾನು ಹೇಳುವುದಿಲ್ಲ, ಲೆಕ್ಕ ಮಾತ್ರ ಹೇಳ್ತೀನಿ. ಸಂಬಳದ ಹತ್ತು ಪಟ್ಟು, ಹದಿನೈದು ಪಟ್ಟು ಅನ್ನುವುದಕ್ಕಿಂತ ಮನೆಯ ಖರ್ಚಿನಿಂದ ಶುರು ಮಾಡಿ. ಕಂತು ಬಿಟ್ಟು ತಿಂಗಳ ಖರ್ಚು 25,000 ಅಂತ ಇಟ್ಟುಕೊಳ್ಳೋಣ. ಅದರಲ್ಲಿ ನಿಮ್ಮೊಬ್ಬರ ಪೆಟ್ರೋಲು, ಊಟ ಎಲ್ಲ 5,000 ತೆಗೆಯಿರಿ. ಉಳಿದ 20,000 ಅಂದರೆ ವರ್ಷಕ್ಕೆ 2.4 ಲಕ್ಷ. ಮಗಳು ತನ್ನ ಕಾಲ ಮೇಲೆ ನಿಲ್ಲಲು 20 ವರ್ಷ ಬೇಕು, ಅದಕ್ಕೆ 48 ಲಕ್ಷ. ಠೇವಣಿಯ ಬಡ್ಡಿ ಬೆಲೆ ಏರಿಕೆಗೆ ಸರಿಹೋಗುತ್ತದೆ ಅಂತ ಹಿಡಿದ ಲೆಕ್ಕ ಇದು. ಬೆಲೆ ಜೋರಾಗಿ ಏರಿದರೆ ಸಾಲದು. ಸಾಲ 18 ಸೇರಿಸಿದರೆ 66. ಮಗಳ ಕಾಲೇಜಿಗೆ 12 ಹಿಡಿದರೆ 78. ಪಿಎಫ್, ಉಳಿತಾಯ 5 ಲಕ್ಷ ಇದ್ದರೆ ಕಳೆಯಿರಿ. ಹೆಚ್ಚುಕಡಿಮೆ 75 ಲಕ್ಷ.

ಸಾಲ ಕೊಡುವಾಗ ಬ್ಯಾಂಕಿನವರು ಸಾಲಕ್ಕೇ ವಿಮೆ ಮಾಡಿಸಿದ್ದಾರಾ ನೋಡಿ. ಮಾಡಿಸಿದ್ದರೆ ಅದು ತುಂಬಿಕೊಡುವಷ್ಟನ್ನು ಮತ್ತೆ ಸೇರಿಸಬೇಡಿ. ಅವಧಿ 60ರವರೆಗೆ ಸಾಕು ಅನ್ನೋದು ನನ್ನ ಅಭಿಪ್ರಾಯ. 85ರವರೆಗೆ ತಗೊಂಡರೆ ಪ್ರೀಮಿಯಂ ಜಾಸ್ತಿ, ಆಗ ನಿಮ್ಮ ದುಡಿಮೆ ನಂಬಿಕೊಂಡವರೇ ಇರುವುದಿಲ್ಲ.

ದಾವಣಗೆರೆಯಿಂದ: ಫಾರ್ಮಿನಲ್ಲಿ ಗುಟ್ಕಾ, ಬಿಪಿ ಎಲ್ಲ ಹೇಳಿ ಪ್ರೀಮಿಯಂ ಏರಿಸಿಕೊಳ್ಳಬೇಡಿ. ಮೂರು ವರ್ಷ ಆದಮೇಲೆ ಕಂಪನಿಯವರು ಏನೂ ಕೇಳುವ ಹಾಗಿಲ್ಲ, ಕಾನೂನೇ ಇದೆ. ನಮ್ಮ ಏಜೆಂಟರೇ ಹೇಳಿದ್ದು.

ಮೈಸೂರಿನಿಂದ: ಕಾನೂನು ಇರುವುದು ನಿಜ. ವಿಮಾ ಕಾಯ್ದೆಯ 45ನೇ ಸೆಕ್ಷನ್. ಆದರೆ ಆ ಮೂರು ವರ್ಷದೊಳಗೇ ಸಾವು ಬಂದರೆ? ಅಂಥ ಕ್ಲೇಮ್ ಮೇಜಿಗೆ ಬಂದರೆ ನಾವು ಮೊದಲು ಮಾಡುತ್ತಿದ್ದ ಕೆಲಸವೇ ಹಳೆಯ ಆಸ್ಪತ್ರೆ ಚೀಟಿ ಹುಡುಕುವುದು. ಪಾಲಿಸಿಗೆ ಮುಂಚಿನ ತಾರೀಖಿನ ಒಂದು ಬಿಪಿ ಮಾತ್ರೆಯ ಚೀಟಿ ಸಿಕ್ಕರೂ ತಕರಾರು ಶುರುವಾಗುತ್ತಿತ್ತು.

ಇನ್ನೊಂದು ವಿಷಯ ಏಜೆಂಟರು ಹೇಳಿರಲಿಕ್ಕಿಲ್ಲ. ಕಂತು ತಪ್ಪಿ ಪಾಲಿಸಿ ನಿಂತುಹೋಗಿ, ಆಮೇಲೆ ಮತ್ತೆ ಚಾಲ್ತಿಗೆ ತಂದರೆ ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ, ತಿಂಗಳಿಗೆ ಕಟ್ಟುವವರಿಗೆ 15 ದಿನ ಹೆಚ್ಚಿನ ಗಡುವು ಇರುತ್ತದೆ. ಅದನ್ನು ದಾಟಬೇಡಿ.

ಪಾಲಿಸಿ ಜೊತೆ ನೀವು ತುಂಬಿದ ಫಾರ್ಮಿನ ಪ್ರತಿಯೂ ಬರುತ್ತದೆ. ಒಂದೊಂದು ಉತ್ತರವನ್ನೂ ಓದಿ. ಏಜೆಂಟರು ಅವಸರದಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಗುರುತು ಹಾಕಿರುತ್ತಾರೆ, ಸಹಿ ಮಾತ್ರ ನಿಮ್ಮದು. ತಪ್ಪಿದ್ದರೆ ತಕ್ಷಣ ಬರೆದು ತಿದ್ದಿಸಿ. ಪಾಲಿಸಿಯೇ ಬೇಡ ಅನಿಸಿದರೆ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು.

ಸಾಗರದಿಂದ: ನನ್ನ ತಮ್ಮ ಫಾರ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಭಾವ ಹೋದಮೇಲೆ ಅವನನ್ನು ಹಿಡಿದು ಕೂರಿಸಿ ಮಾಡಿಸಿದೆವು. ಬಿಪಿ ಮಾತ್ರೆ ತಗೊಳ್ತೀನಿ ಅಂತ ಬರೆದ. ಮನೆಗೇ ಬಂದು ರಕ್ತ, ಮೂತ್ರ ತಗೊಂಡು ಹೋದರು. ಪ್ರೀಮಿಯಂ ಸುಮಾರು ಕಾಲು ಭಾಗ ಜಾಸ್ತಿ ಆಗುತ್ತೆ, ಒಪ್ಪಿಗೆನಾ ಅಂತ ಕಾಗದ ಬಂತು. ಒಪ್ಪಿಕೊಂಡ. ಪಾಲಿಸಿ ನಂಬರನ್ನು ಅವನ ಹೆಂಡತಿ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ.

ಬೆಂಗಳೂರಿನಿಂದ: ಹೆಂಡತಿಗೂ ಮಾಡಿಸಿ. ಮನೆಯಲ್ಲೇ ಇದ್ದಾಳೆ ಅಂತ ಬಿಡಬೇಡಿ. ಅವಳಿಲ್ಲದೆ ಮಗು ನೋಡಿಕೊಳ್ಳಲು ಜನ ಇಡಬೇಕಾದರೆ ಎಷ್ಟಾಗುತ್ತೆ?

ಮೈಸೂರಿನಿಂದ: ಅವರ ಕೆಲಸಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಕೈಯಲ್ಲಿ ಇರುವ ದುಡ್ಡು ಒಂದಕ್ಕೇ ಸಾಲುವುದಾದರೆ ನಾನು ಮೊದಲು ದುಡಿಯುವವರದ್ದೇ ಮಾಡಿಸಿ ಅನ್ನುತ್ತೇನೆ.

ಬೆಂಗಳೂರಿನಿಂದ: ನಾನು ಒಪ್ಪಲ್ಲ ಸರ್. ನನ್ನ ತಂಗಿ ಹೋದಾಗ ಭಾವಮೈದುನ ಆರು ತಿಂಗಳು ಕೆಲಸಕ್ಕೇ ಹೋಗಲಾಗಲಿಲ್ಲ.

ಹಾಸನದಿಂದ: ಎಲ್ಲರಿಗೂ ಧನ್ಯವಾದ. ಸಾಗರದವರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಹೆಸರಲ್ಲಿ ಅವರೇ ಕಟ್ಟುತ್ತಿರುವ ಪಾಲಿಸಿ ತಂದು, "ಇದರಲ್ಲಿ ಎಷ್ಟಿದೆ ನೋಡು" ಅಂದರು. ಮೂರು ಲಕ್ಷ ಇದೆ. ಇನ್ನೊಂದು ಮಾತು, ನಾನು ಗುಟ್ಕಾ ಬಿಟ್ಟು ಎಂಟು ತಿಂಗಳಾಯಿತು. ಅದನ್ನೂ ಬರೆಯಬೇಕಾ?

ಮೈಸೂರಿನಿಂದ: ಬರೆಯಿರಿ. ಯಾವಾಗ ಬಿಟ್ಟಿರಿ ಅಂತ ತಿಂಗಳ ಸಮೇತ.