ಬಾಣಂತಿಗೆ ತಲೆನೋವು, ಆಮೇಲೆ ಫಿಟ್ಸ್: ಗ್ರೂಪಿನಲ್ಲಿ ನರರೋಗ ಡಾಕ್ಟರ ಜೊತೆ ಪ್ರಶ್ನೋತ್ತರ

ತಿಪಟೂರಿನ ಅಣ್ಣ: ಡಾಕ್ಟ್ರೇ, ನನ್ನ ತಂಗಿಗೆ 24 ವರ್ಷ. ಸಿಸೇರಿಯನ್ ಆಗಿ ಹನ್ನೊಂದು ದಿನ. ಮೂರನೇ ದಿನದಿಂದಲೇ ತಲೆನೋವು. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಅಂತ ಎಲ್ಲರೂ ಹೇಳಿದರು. ಮೊನ್ನೆ ಬಲಗೈ ಅದುರಿತು, ಬಾಯಿ ಸೊಟ್ಟ ಆಯಿತು, ಎಚ್ಚರ ತಪ್ಪಿತು. ಅಲ್ಲೇ ಸಿಟಿ ಸ್ಕ್ಯಾನ್ ತೆಗೆಸಿದಾಗ ನಾರ್ಮಲ್ ಅಂದರು. ನಿನ್ನೆ ಮತ್ತೆ ಫಿಟ್ಸ್ ಬಂತು, ಬಲಗೈ ಎತ್ತಲು ಆಗುತ್ತಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿ, ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಎಡಗಡೆ ಸ್ವಲ್ಪ ರಕ್ತಸ್ರಾವವೂ ಇದೆ ಅಂದರು. ಆದರೆ ರಕ್ತ ತೆಳುವಾಗುವ ಇಂಜೆಕ್ಷನ್ ಕೊಡುತ್ತಿದ್ದಾರೆ. ರಕ್ತ ಸೋರುವಾಗ ಇದನ್ನು ಕೊಡಬಹುದಾ? ಮಾವ ಬೇಡ ಅನ್ನುತ್ತಾರೆ, ಬೇರೆ ಕಡೆಗೆ ಕರೆದುಕೊಂಡು ಹೋಗೋಣ ಅಂತ ಹಠ ಹಿಡಿದಿದ್ದಾರೆ.

ಡಾಕ್ಟರ್: ಕೊಡಬೇಕು. ದಯವಿಟ್ಟು ಮಾವನ ಮಾತು ಕೇಳಿ ಇಂಜೆಕ್ಷನ್ ನಿಲ್ಲಿಸಬೇಡಿ, ಈ ಸ್ಥಿತಿಯಲ್ಲಿ ಆಂಬ್ಯುಲೆನ್ಸ್‌ನಲ್ಲಿ ಊರೂರು ಸುತ್ತಿಸಲೂ ಬೇಡಿ.

ನಿಮ್ಮ ತಂಗಿಗೆ ರಕ್ತನಾಳ ಒಡೆದು ಸೋರಿದ್ದಲ್ಲ. ತಲೆಬುರುಡೆಯ ನಡುವೆ, ಹಣೆಯಿಂದ ಹಿಂದಕ್ಕೆ ಒಂದು ದೊಡ್ಡ ಸಿರೆ ಹೋಗುತ್ತದೆ. ಮೆದುಳಿನ ಎರಡೂ ಕಡೆಯ ರಕ್ತ ಅದಕ್ಕೆ ಬಂದು ಸೇರಿ ಕೆಳಗೆ ಇಳಿಯುತ್ತದೆ. ಬಚ್ಚಲ ಮೋರಿ ಕಟ್ಟಿಕೊಂಡರೆ ನೀರು ನೆಲದ ಮೇಲೇ ನಿಲ್ಲುತ್ತದೆ ಅಲ್ವಾ, ಇಲ್ಲೂ ರಕ್ತ ಹಾಗೇ ಹಿಂದೆ ನಿಂತಿದೆ. ಒತ್ತಡ ಏರಿ ಸಣ್ಣ ಸಿರೆಗಳಿಂದ ಮೆದುಳಿಗೆ ಜಿನುಗಿದೆ. ದಾರಿ ಕಟ್ಟಿಕೊಂಡೇ ಇದ್ದರೆ ಜಿನುಗುವುದು ಹೆಚ್ಚುತ್ತದೆ. ಈಗ ಕೊಡುತ್ತಿರುವ ಇಂಜೆಕ್ಷನ್ ಹೆಪಾರಿನ್. ಅದು ಹೆಪ್ಪುಗಟ್ಟಿದ ರಕ್ತದ ಗೆಡ್ಡೆಯನ್ನು ಕರಗಿಸುವುದಿಲ್ಲ, ಆದರೆ ಬೆಳೆಯಲು ಬಿಡುವುದಿಲ್ಲ. ಉಳಿದದ್ದನ್ನು ದೇಹವೇ ನಿಧಾನವಾಗಿ ಸರಿ ಮಾಡಿಕೊಳ್ಳುತ್ತದೆ.

ನಿಮ್ಮ ಮಾವನಿಗೆ ಬಂದ ಅನುಮಾನ ಮೊದಲು ಡಾಕ್ಟರುಗಳಿಗೂ ಇತ್ತು. 1991ರಲ್ಲಿ ಜರ್ಮನಿಯಲ್ಲಿ 20 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಅರ್ಧ ಜನರಿಗೆ ಹೆಪಾರಿನ್, ಅರ್ಧ ಜನರಿಗೆ ಬರೀ ನೀರಿನಂಥ ಇಂಜೆಕ್ಷನ್. ಹೆಪಾರಿನ್ ಪಡೆದವರಲ್ಲಿ ಯಾರೂ ಸಾಯಲಿಲ್ಲ, ಇನ್ನೊಂದು ಗುಂಪಿನಲ್ಲಿ 3 ಜನ ಸತ್ತರು. ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ಸಂಖ್ಯೆ ಚಿಕ್ಕದು, ನಿಜ. ಆದರೆ ಆಮೇಲಿನ ಅನುಭವವೂ ಅದನ್ನೇ ಹೇಳಿದೆ.

ಒಂದು ವಿಷಯ ಕೇಳಬೇಕು. ಮೊದಲ ದಿನಗಳಲ್ಲಿ ಎದ್ದು ಕೂತರೆ ತಲೆನೋವು ಜಾಸ್ತಿ, ಮಲಗಿದರೆ ಕಡಿಮೆ ಇತ್ತಾ? ಆಮೇಲೆ ಉಲ್ಟಾ ಆಯಿತಾ?

ತಿಪಟೂರಿನ ಅಣ್ಣ: ಹೌದು ಡಾಕ್ಟ್ರೇ! ಮೊದಲು ಮಲಗಿದರೆ ಆರಾಮ ಅನ್ನುತ್ತಿದ್ದಳು. ಒಂದು ವಾರದ ಮೇಲೆ ಬೆಳಗ್ಗೆ ಏಳುವಾಗಲೇ ನೋವು, ವಾಂತಿ. ಬಗ್ಗಿದರೆ ಕಣ್ಣು ಮಂಜಾಗುತ್ತದೆ ಅಂದಳು.

ಡಾಕ್ಟರ್: ಅದೇ ಗುರುತು. ಬೆನ್ನಿನ ಇಂಜೆಕ್ಷನ್‌ನಿಂದ ಬರುವ ತಲೆನೋವು ಮಲಗಿದರೆ ಇಳಿಯುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಅದು ಗುಣ ಬದಲಿಸಿ ಮಲಗಿದಾಗಲೂ ಬಿಡದೆ, ಕೆಮ್ಮಿದಾಗ, ತಿಣುಕಿದಾಗ ಏರಿದರೆ ಬೇರೇನೋ ಶುರುವಾಗಿದೆ ಅಂತ ಅರ್ಥ. ಎಷ್ಟೋ ಮನೆಗಳಲ್ಲಿ ಇದು ಹಳೆಯ ತಲೆನೋವೇ ಅಂದುಕೊಂಡು ಆ ವಾರ ಕಳೆದುಹೋಗುತ್ತದೆ. ಇನ್ನು ಆ ಮೊದಲ ಸಿಟಿ. ಸಾದಾ ಸಿಟಿಯಲ್ಲಿ ಈ ಕಾಯಿಲೆ ಎಷ್ಟೋ ಸಲ ಕಾಣುವುದಿಲ್ಲ. ಅನುಮಾನ ಇದ್ದರೆ ಸಿರೆಗಳನ್ನೇ ತೋರಿಸುವ ವೆನೋಗ್ರಾಮ್ ಬೇಕು. ಬಾಣಂತಿಗೆ ಫಿಟ್ಸ್ ಬಂದಾಗ ಬಿಪಿ, ಮೂತ್ರದ ಪ್ರೋಟೀನ್ ನೋಡಿ ಗರ್ಭಿಣಿ ನಂಜು ಅಂತ ಮುಗಿಸಿಬಿಡುವವರೂ ಇದ್ದಾರೆ. ಬಿಪಿ ಸರಿ ಇದ್ದು ಒಂದೇ ಕೈ ಅದುರಿದ್ದರೆ ಸಿರೆಗಳನ್ನು ನೋಡಲೇಬೇಕು.

ಈಗ ವಾರ್ಡಿನಲ್ಲಿ ನೀವು ಗಮನಿಸಬೇಕಾದದ್ದು: ನಿದ್ದೆ ಹೆಚ್ಚಾಗುತ್ತಾ ಎಬ್ಬಿಸಿದರೂ ಏಳದಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ತಕ್ಷಣ ನರ್ಸನ್ನು ಕರೆಯಿರಿ. ಆಗ ತಲೆಬುರುಡೆಯ ಒಂದು ಭಾಗ ತೆಗೆದು ಊತಕ್ಕೆ ಜಾಗ ಮಾಡಿಕೊಡಬೇಕಾಗಬಹುದು. ಕೇಳಿ ಹೆದರಬೇಡಿ, ಸಮಯಕ್ಕೆ ಮಾಡಿದರೆ ಜೀವ ಉಳಿಸುತ್ತದೆ.

ಮೆಡಿಕಲ್ ಶಾಪ್: ಸರ್, ನಾನು ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟವನು. ಮೆದುಳಿನಲ್ಲಿ ರಕ್ತಸ್ರಾವ ಇದ್ದರೆ ರಕ್ತ ತೆಳುವಾಗಿಸುವ ಔಷಧಿ ಕೊಡುವ ಹಾಗಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಡಾಕ್ಟರ್: ಬಿಪಿ ಏರಿ ಒಡೆದ ರಕ್ತಸ್ರಾವಕ್ಕೆ ನೀವು ಹೇಳಿದ್ದು ಸರಿ. ಇದಕ್ಕಲ್ಲ.

ಮೆಡಿಕಲ್ ಶಾಪ್: ರಿಸ್ಕ್ ಯಾರದು ಸರ್?

ಡಾಕ್ಟರ್: ಕೊಡದಿದ್ದರೆ ರಿಸ್ಕ್ ಹುಡುಗಿಯದು.

ಹಾಸನದ ಅತ್ತಿಗೆ: ಬಾಣಂತಿಗೆ ನೀರು ಕೊಟ್ಟರೆ ಹೀಗೆಲ್ಲ ಆಗುತ್ತದೆ, ನಂಜು ಏರುತ್ತದೆ. ನಮ್ಮ ಕಡೆ ದಿನಕ್ಕೆ ಎರಡೇ ಲೋಟ ಬಿಸಿ ನೀರು. ಇಲ್ಲಿ ಜಾಸ್ತಿ ಕೊಟ್ಟಿರಬೇಕು.

ಡಾಕ್ಟರ್: ತಿರುಗಾ ಮುರುಗಾ ಆಯಿತಲ್ಲಮ್ಮ. ಹೆರಿಗೆಯಾದ ಮೇಲೆ ಆರು ವಾರ ರಕ್ತ ತಾನಾಗೇ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯ ರಕ್ತಸ್ರಾವ ನಿಲ್ಲಲು ದೇಹ ಮಾಡಿಕೊಂಡ ಏರ್ಪಾಡು ಅದು. ಅದರ ಮೇಲೆ ಬೆವರು ಸುರಿಯುವ ಕೋಣೆ, ಹಾಲು ಕುಡಿಸುವುದು, ರಕ್ತಹೀನತೆ, ಎರಡೇ ಲೋಟ ನೀರು. ರಕ್ತ ಗಟ್ಟಿಯಾಗದೆ ಇನ್ನೇನು? ಬಾಣಂತಿಯರ ಈ ಕಾಯಿಲೆ ಬಗ್ಗೆ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆದಿದ್ದಾರೆ. ಬಾಯಾರಿದಾಗಲೆಲ್ಲ ನೀರು ಕೊಡಿ.

ಹಾಸನದ ಅತ್ತಿಗೆ: ನಮ್ಮ ಅಜ್ಜಿಗೆ ಎಂಟು ಹೆರಿಗೆ, ಏನೂ ಆಗಲಿಲ್ಲ.

ದಾವಣಗೆರೆಯ ಟೀಚರ್: ಅಜ್ಜಿಯ ಜೊತೆ ಹೆತ್ತು ಸತ್ತವರು ಇಲ್ಲಿ ಬಂದು ಬರೆಯುವುದಿಲ್ಲ ಅತ್ತಿಗೆ.

ಹಾಸನದ ಅತ್ತಿಗೆ: ನೀವು ಟೀಚರ್ ಅಂತ ಎಲ್ಲರಿಗೂ ಪಾಠ ಹೇಳಬೇಡಿ. ಸಂಪ್ರದಾಯಕ್ಕೆ ಬೆಲೆ ಕೊಡುವುದು ಕಲಿಯಿರಿ.

ದಾವಣಗೆರೆಯ ಟೀಚರ್: ನನ್ನ ಬಾಣಂತನದಲ್ಲಿ ಬಾಯಿ ಒಣಗಿ ಅತ್ತಿದ್ದೇನೆ. ಕದ್ದು ನೀರು ಕುಡಿದಿದ್ದೇನೆ. ಬೆಲೆ ಕೊಟ್ಟದ್ದು ಸಾಕು.

ಅರಸೀಕೆರೆ ಮಾವ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಕಳಿಸಿ. ಸ್ಟ್ರೋಕ್ ಆದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿದರೆ ಗೆಡ್ಡೆ ಕರಗುತ್ತದೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಬೆರಳಿನ ರಕ್ತಕ್ಕೂ ಮೆದುಳಿನ ಸಿರೆಗೂ ಸಂಬಂಧವಿಲ್ಲ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಬೀಗದ ಕೈ ಬೀಗಕ್ಕೆ ಇರಲಿ.

ಬೆಂಗಳೂರು ಐಟಿ ಹುಡುಗ: ಸರ್, ನನಗೆ ಆರು ವರ್ಷದಿಂದ ಆಗಾಗ ಅರೆತಲೆನೋವು. ಇದೇ ಇರಬಹುದಾ? ವೆನೋಗ್ರಾಮ್ ಮಾಡಿಸಲಾ?

ಡಾಕ್ಟರ್: ಆರು ವರ್ಷದಿಂದ ಒಂದೇ ತರಹ ಇದ್ದರೆ ಇದು ಅಲ್ಲ. ಹೊಸ ತರಹದ ನೋವು ದಿನದಿಂದ ದಿನಕ್ಕೆ ಏರಿದರೆ ಬನ್ನಿ.

ಮೈಸೂರಿನ ಸದಸ್ಯೆ: ಪೂಜೆ ಇದೆ ಅಂತ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ನಾವೆಲ್ಲ ತಗೊಳ್ಳುತ್ತೇವೆ. ಅದರಿಂದಲೂ ಬರುತ್ತದಾ?

ಡಾಕ್ಟರ್: ತಗೊಂಡವರಿಗೆಲ್ಲ ಬರುವುದಿಲ್ಲ. ಆದರೆ ವಾರಗಟ್ಟಲೆ ತಿಂದು ಫಿಟ್ಸ್‌ನೊಂದಿಗೆ ಬಂದ ಹುಡುಗಿಯರನ್ನು ಕಂಡಿದ್ದೇನೆ. ಅಂಗಡಿಯಿಂದ ಸುಮ್ನೆ ತಂದು ತಿನ್ನಬೇಡಿ. ಮೆಡಿಕಲ್ ಶಾಪ್‌ನವರು ಚೀಟಿ ಇಲ್ಲದೆ ಕೊಡಲೂಬಾರದು.

ಮೆಡಿಕಲ್ ಶಾಪ್: ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಸರ್. ನಮ್ಮ ಮೇಲೇ ಹಾಕುತ್ತೀರಿ.

ಶಿವಮೊಗ್ಗದ ಸದಸ್ಯ: ನನ್ನ ಅಣ್ಣನಿಗೂ ಇದೇ ಆಗಿತ್ತು, ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವ ಅಂಶ ಜಾಸ್ತಿ ಅಂದರು. ಮಾತ್ರೆ ಜೀವನಪೂರ್ತಿ ಬೇಕಾ?

ಕೊಪ್ಪಳದ ಸದಸ್ಯೆ: ಬಾಣಂತಿಗೆ ನೀರು ಕೊಡಬಹುದಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ತಿಪಟೂರಿನ ಅಣ್ಣ: ಡಾಕ್ಟ್ರೇ, ಮೂರು ದಿನ ಆಯಿತು. ಫಿಟ್ಸ್ ಮತ್ತೆ ಬಂದಿಲ್ಲ. ಬೆರಳು ಅಲ್ಲಾಡಿಸುತ್ತಿದ್ದಾಳೆ. ಮುಂದೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಅಂತ ಹೇಳಿದ್ದಾರೆ. ಮಗುವಿಗೆ ಹಾಲು ಕೊಡಬಹುದಾ? ಅತ್ತೆ ಬೇಡ ಅನ್ನುತ್ತಾರೆ.

ಡಾಕ್ಟರ್: ಕೊಡಬಹುದು. ಹೆಪಾರಿನ್ ಆಗಲಿ ವಾರ್ಫರಿನ್ ಆಗಲಿ ಹಾಲುಣಿಸಲು ಅಡ್ಡಿಯಲ್ಲ. ಹಾಗಾಗಿಯೇ ಬಾಣಂತಿಯರಿಗೆ ಹೊಸ ಮಾತ್ರೆಗಳ ಬದಲು ಇದನ್ನು ಕೊಡುತ್ತೇವೆ. ಫಿಟ್ಸ್ ಮಾತ್ರೆಯ ಹೆಸರನ್ನು ಮಕ್ಕಳ ಡಾಕ್ಟರಿಗೂ ತೋರಿಸಿ. ವಾರ್ಫರಿನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ 2ರಿಂದ 3ರ ನಡುವೆ ಇರಬೇಕು. ಮೊದಮೊದಲು ಪದೇ ಪದೇ ನೋಡಬೇಕಾಗುತ್ತದೆ, ತಪ್ಪಿಸಬೇಡಿ. ಸೊಪ್ಪು ಬಿಡಬೇಕಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಲಿ. ಮಂಡಿನೋವಿಗೆ, ಮೈನೋವಿಗೆ ಅಂತ ಅಂಗಡಿ ಮಾತ್ರೆ, ನಾಟಿ ಔಷಧಿ ಕೊಡಬೇಡಿ. ವಾರ್ಫರಿನ್ ತಿನ್ನುವಾಗ ಗರ್ಭಿಣಿ ಆಗಬಾರದು, ಅದಕ್ಕೆ ಕಾಪರ್-ಟಿ ಬಗ್ಗೆ ಕೇಳಿ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಮಾತ್ರ ಇವಳಿಗೆ ಎಂದಿಗೂ ಬೇಡ.

ಅರಸೀಕೆರೆ ಮಾವ: ಬೆಳ್ಳುಳ್ಳಿ ಹಾಲು ಕುಡಿಸಿದರೆ ಈ ಮಾತ್ರೆ ಬೇಕಿಲ್ಲ ಅಂತೆ.

ಡಾಕ್ಟರ್: ಮಾವನವರೇ, ಇನ್ನೊಂದು ಫಾರ್ವರ್ಡ್ ಹಾಕಿದರೆ ಗ್ರೂಪ್ ಅಡ್ಮಿನ್‌ಗೆ ಹೇಳುತ್ತೇನೆ.

ಮೆಡಿಕಲ್ ಶಾಪ್: ಅಡ್ಮಿನ್ ನಾನೇ ಸರ್.